ಅಜ್ಜಿಯ ಬಳೆ 22 ಕ್ಯಾರೆಟ್ ಆಗಬೇಕಾದರೆ

ಹೋದ ತಿಂಗಳು ಒಬ್ಬ ತಾಯಿ ಅಂಗಡಿಗೆ ಜೋಡಿ ಬಳೆ ತಂದಿದ್ದರು. "ಅಣ್ಣಾ, ಇವು ನಮ್ಮಜ್ಜಿ ಕಾಲದ್ದು. 22 ಕ್ಯಾರೆಟ್ ಅಂತಲೇ ಹೇಳ್ತಿದ್ರು. ಕರಗಿಸಿ ಮಗಳಿಗೆ ಹೊಸ ಬಳೆ ಮಾಡ್ಕೊಡಿ. ಹಾಲ್‌ಮಾರ್ಕ್ ಬೇಕೇ ಬೇಕು" ಅಂದರು.

ತಕ್ಕಡಿಯಲ್ಲಿ 20.60 ಗ್ರಾಂ ಬಂತು. ಅವರ ಎದುರೇ ಮೂಸೆಗೆ ಹಾಕಿ, ಬಿಳಿಗಾರ ಉದುರಿಸಿ ಕರಗಿಸಿದೆ. ಕೊಳೆ, ಒಳಗಿದ್ದ ಅರಗು ಹೋಗಿ ಸರಿಯಾಗಿ 20 ಗ್ರಾಂ ಗಟ್ಟಿ ಉಳಿಯಿತು. ಯಂತ್ರದಲ್ಲಿ ಪರೀಕ್ಷೆ ಮಾಡಿದರೆ ಚಿನ್ನ ಶೇಕಡಾ 87.5 ಅಂತ ತೋರಿಸಿತು.

ಕರಗಿಸುವ ಮೊದಲೇ ಯಾಕೆ ನೋಡಲಿಲ್ಲ ಅಂತ ಅವರು ಕೇಳಿದರು. ಒಳ್ಳೆ ಪ್ರಶ್ನೆ. ಆ ಯಂತ್ರ ಒಡವೆಯ ಮೇಲ್ಮೈಯನ್ನು ಮಾತ್ರ ಓದುತ್ತದೆ. ಹಳೆ ಬಳೆಯನ್ನು ಎಷ್ಟೋ ವರ್ಷ ಹುಣಸೆಹಣ್ಣಲ್ಲಿ ಉಜ್ಜಿ ತೊಳೆದಿರುತ್ತಾರೆ. ಹುಳಿಗೆ ಮೇಲಿನ ತಾಮ್ರದ ಮಸಿ ಕರಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಹಾಗಾಗಿ ಮೇಲ್ಮೈ ಒಳಗಿನದಕ್ಕಿಂತ ಚೊಕ್ಕವಾಗಿ ಕಾಣುತ್ತದೆ. ಜೊತೆಗೆ ಬೆಸುಗೆ ಹಾಕಿದ ಜಾಗದಲ್ಲಿ ಒಂದು, ಬೇರೆ ಕಡೆ ಇನ್ನೊಂದು ತೋರಿಸುತ್ತದೆ. ಕರಗಿ ಒಂದಾದ ಮೇಲೆ ಬರುವುದೇ ನಂಬಬಹುದಾದ ಲೆಕ್ಕ.

ಈಗ 87.5 ಅಂದರೆ ಎಷ್ಟು ಕ್ಯಾರೆಟ್? ಚೊಕ್ಕ ಚಿನ್ನವನ್ನು 24 ಭಾಗ ಅಂತ ಇಟ್ಟುಕೊಂಡಿದ್ದೇವೆ. 22 ಕ್ಯಾರೆಟ್ ಅಂದರೆ 24 ಭಾಗ ತೂಕದಲ್ಲಿ 22 ಭಾಗ ಚಿನ್ನ, 2 ಭಾಗ ಬೇರೆ ಲೋಹ. 22ನ್ನು 24ರಿಂದ ಭಾಗಿಸಿ 100ರಿಂದ ಗುಣಿಸಿದರೆ 91.67 ಬರುತ್ತದೆ. ಒಡವೆ ಮೇಲೆ ಕಾಣುವ 916 ಇದೇ, ಸಾವಿರ ಭಾಗಕ್ಕೆ 916 ಭಾಗ ಚಿನ್ನ. ಅದೇ ರೀತಿ 18 ಕ್ಯಾರೆಟ್‌ಗೆ ಶೇಕಡಾ 75, ಅಂದರೆ 750. ಈ ಬಳೆಯ 87.5 ಅಂದರೆ 21 ಕ್ಯಾರೆಟ್. ಅಜ್ಜಿಗೆ ಯಾರೋ ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಆಗ ಒರೆಗಲ್ಲಿಗೆ ತೀಡಿ ಬಣ್ಣ ನೋಡಿ ಹೇಳುತ್ತಿದ್ದರು. ಬೆಸುಗೆಯಲ್ಲೂ ಬೆರಕೆ ಜಾಸ್ತಿ ಇರುತ್ತಿತ್ತು.

"ಒಂದೇ ಕ್ಯಾರೆಟ್ ಕಮ್ಮಿ ಅಲ್ವಾ? ನನ್ನ ಹತ್ರ 2 ಗ್ರಾಂ ನಾಣ್ಯ ಇದೆ. ಅದನ್ನೂ ಹಾಕಿ 22 ಮಾಡ್ಬಿಡಿ" ಅಂದರು ಅವರು. ಹತ್ತರಲ್ಲಿ ಒಂಬತ್ತು ಜನ ಹೀಗೇ ಅಂದುಕೊಳ್ಳುತ್ತಾರೆ. ಕಾಗದ ತಗೊಂಡು ಬರೆದು ತೋರಿಸಿದೆ.

20 ಗ್ರಾಂ ಗಟ್ಟಿಯಲ್ಲಿ ಚಿನ್ನ ಇರುವುದು 17.5 ಗ್ರಾಂ. ನಾಣ್ಯ 99.9ರದ್ದು, ಹೆಚ್ಚುಕಮ್ಮಿ 2 ಗ್ರಾಂ ಚಿನ್ನ ಅನ್ನೋಣ. ಎರಡೂ ಸೇರಿ 19.5 ಗ್ರಾಂ ಚಿನ್ನ. ಆದರೆ ಒಟ್ಟು ತೂಕವೂ 22 ಗ್ರಾಂಗೆ ಏರಿತಲ್ಲ! 19.5ನ್ನು 22ರಿಂದ ಭಾಗಿಸಿದರೆ ಶೇಕಡಾ 88.6. ಇಡೀ ನಾಣ್ಯ ಹಾಕಿದರೂ ಒಂದು ಪಾಯಿಂಟ್ ಚಿಲ್ಲರೆ ಏರಿತು ಅಷ್ಟೆ.

ಹಾಗಾದರೆ ಎಷ್ಟು ಬೇಕು? ನಾವು ಕೆಲಸದವರು ಅಡ್ಡಗೆರೆ ಎಳೆದು ಲೆಕ್ಕ ಹಾಕುತ್ತೇವೆ. ಬೇಕಾದದ್ದು 91.6. ಬಳೆಯ ಚಿನ್ನ ಅದಕ್ಕಿಂತ 4.1 ಕೆಳಗಿದೆ. ನಾಣ್ಯದ ಚಿನ್ನ ಅದಕ್ಕಿಂತ 8.3 ಮೇಲಿದೆ. ಬಳೆಯದು 8.3 ಪಾಲು ಇದ್ದರೆ ನಾಣ್ಯದ್ದು 4.1 ಪಾಲು ಸೇರಬೇಕು. ಅಂದರೆ 20 ಗ್ರಾಂಗೆ 9.88 ಗ್ರಾಂ. ಒಂದು ಕ್ಯಾರೆಟ್ ಏರಿಸಲು ಅರ್ಧಕ್ಕರ್ಧ ಚೊಕ್ಕ ಚಿನ್ನ! ಬಳೆಯಲ್ಲಿರುವ ಹೆಚ್ಚುವರಿ ತಾಮ್ರ ಬೆಳ್ಳಿ ಎಲ್ಲೂ ಹೋಗುವುದಿಲ್ಲ. ಅದನ್ನು ಚಿನ್ನದಲ್ಲಿ ಮುಳುಗಿಸಬೇಕು ಅಷ್ಟೆ, ಅದಕ್ಕೇ ಇಷ್ಟೊಂದು ಬೇಕು.

ಅಷ್ಟು ದುಡ್ಡು ಅವರ ಹತ್ತಿರ ಇರಲಿಲ್ಲ. ಇನ್ನೊಂದು ದಾರಿ ಇದೆ. ಗಟ್ಟಿಯನ್ನು ಶುದ್ಧೀಕರಣಕ್ಕೆ ಕೊಡುವುದು. ಅಲ್ಲಿ ಆಸಿಡ್ಡಿನಲ್ಲಿ ಬೆಳ್ಳಿ ತಾಮ್ರ ಬೇರೆ ಮಾಡಿ ಚಿನ್ನವನ್ನಷ್ಟೇ ಕೊಡುತ್ತಾರೆ. ಮೂರು ದಿನಕ್ಕೆ 99.9ರ ಚಿನ್ನ 17.44 ಗ್ರಾಂ ವಾಪಸ್ ಬಂತು. ಅದರಲ್ಲಿ ಚಿನ್ನದ ಲೆಕ್ಕ 17.42 ಗ್ರಾಂ.

ಈಗ ಬೆರಕೆ ಹಾಕುವ ಕೆಲಸ. ನಾನು 916ಕ್ಕೆ ಸರಿಯಾಗಿ ಮಾಡುವುದಿಲ್ಲ, 918ಕ್ಕೆ ಇಡುತ್ತೇನೆ. ಕಾರಣ ಮುಂದೆ ಹೇಳುತ್ತೇನೆ. 918ರಲ್ಲಿ ಬೆರಕೆ ಶೇಕಡಾ 8.2. ಹೊಸ ಹುಡುಗರು ಇಲ್ಲೇ ಎಡವುತ್ತಾರೆ. ಕೈಯಲ್ಲಿರುವ 17.44ಕ್ಕೆ ಶೇಕಡಾ 8.2 ತೆಗೆದು 1.43 ಗ್ರಾಂ ಹಾಕಿಬಿಡುತ್ತಾರೆ. ಆ 8.2 ಇರಬೇಕಾದದ್ದು ಬೆರೆತ ಮೇಲಿನ ಒಟ್ಟು ತೂಕದಲ್ಲಿ, ಚಿನ್ನದ ತೂಕದಲ್ಲಲ್ಲ. ಹಾಗಾಗಿ ಮೊದಲು ಒಟ್ಟು ತೂಕ ಕಂಡುಹಿಡಿಯಬೇಕು. 17.42ನ್ನು 0.918ರಿಂದ ಭಾಗಿಸಿದರೆ 18.98 ಗ್ರಾಂ. ಅದರಲ್ಲಿ 17.44 ಕಳೆದರೆ ಬೆರಕೆ 1.54 ಗ್ರಾಂ. ತಪ್ಪು ಲೆಕ್ಕದವರದು 92.3 ಬರುತ್ತದೆ. ಗಿರಾಕಿಗೆ ನಷ್ಟವಿಲ್ಲ, ಆದರೆ ಗಟ್ಟಿ ಮೆತ್ತಗಾಗುತ್ತದೆ, ಅಂಗಡಿಯ ಚಿನ್ನ ಇದ್ದರೆ ಪ್ರತಿ ಸಲವೂ ಅಷ್ಟು ಚಿನ್ನ ಕೈಬಿಡುತ್ತದೆ.

ಈ 1.54 ಗ್ರಾಂನಲ್ಲಿ ಬೆಳ್ಳಿ ಎಷ್ಟು, ತಾಮ್ರ ಎಷ್ಟು ಅನ್ನುವುದರಿಂದ ಕ್ಯಾರೆಟ್ ಬದಲಾಗುವುದಿಲ್ಲ, ಬಣ್ಣ ಬದಲಾಗುತ್ತದೆ. ತಾಮ್ರ ಜಾಸ್ತಿಯಾದರೆ ಕೆಂಪು ಛಾಯೆ, ಬೆಳ್ಳಿ ಜಾಸ್ತಿಯಾದರೆ ತಿಳಿಹಳದಿ. ಅಜ್ಜಿಯ ಬಳೆಯ ಹಳದಿ ಬೇಕು ಅಂದಿದ್ದರು. ಸಮಸಮ ಹಾಕಿದೆ, ತಲಾ 0.77 ಗ್ರಾಂ.

918ರ ವಿಷಯಕ್ಕೆ ಬರುತ್ತೇನೆ. ಕೆಲಸ ಶುರುಮಾಡಿದ ಹೊಸದರಲ್ಲಿ 916ಕ್ಕೆ ಸರಿಯಾಗಿ ಗಟ್ಟಿ ಮಾಡಿ, ಅದರಿಂದ 30 ಗ್ರಾಂ ಸರ ಕಟ್ಟಿದ್ದೆ. ಕೊಂಡಿ ಬೆಸೆಯಲು ಬೇಗ ಕರಗಲಿ ಅಂತ 75ರ ಬೆಸುಗೆ ಬಳಸಿದ್ದೆ. ಹಾಲ್‌ಮಾರ್ಕ್ ಕೇಂದ್ರದಿಂದ ಸರ ತಿರಸ್ಕೃತವಾಗಿ ಬಂತು. ಮನೆಗೆ ಬಂದು ಲೆಕ್ಕ ಹಾಕಿದೆ. ಸರದಲ್ಲಿ 0.6 ಗ್ರಾಂ ಬೆಸುಗೆ ಸೇರಿತ್ತು. ಅಷ್ಟಕ್ಕೇ ಇಡೀ ಸರ 91.27ಕ್ಕೆ ಇಳಿದಿತ್ತು. 916ರ ಕೆಳಗೆ ಬಂದರೆ ಒಪ್ಪುವುದಿಲ್ಲ. ಪೂರ್ತಿ ಸರ ಕರಗಿಸಿ ಮತ್ತೆ ಮಾಡಿದೆ. ಹಿಂದೆ ಕೆಡಿಎಂ ಅಂತ ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಬಂದದ್ದು ಇದೇ ತೊಂದರೆಗೆ. ಅದರಲ್ಲಿ ಚಿನ್ನವೇ ಶೇಕಡಾ 92 ಇಡಬಹುದಿತ್ತು. ಆದರೆ ಕಾಯಿಸಿದಾಗ ಕ್ಯಾಡ್ಮಿಯಂ ಹೊಗೆಯಾಗಿ ಮೇಲೇಳುತ್ತದೆ, ಕೂತು ಬೆಸೆಯುವವನ ಶ್ವಾಸಕೋಶಕ್ಕೆ ವಿಷ. ನಾನು ಅದನ್ನು ಮುಟ್ಟುವುದಿಲ್ಲ. ಈಗ ಬೆಸುಗೆಯಲ್ಲೂ ಚಿನ್ನ ಆದಷ್ಟು ಜಾಸ್ತಿ ಇಟ್ಟು, ಗಟ್ಟಿಯನ್ನು ಒಂದೆರಡು ಅಂಶ ಮೇಲಿಡುತ್ತೇನೆ. ಈ ಗಟ್ಟಿಯಲ್ಲಿ 916ಕ್ಕೂ 918ಕ್ಕೂ ಬೆರಕೆಯ ವ್ಯತ್ಯಾಸ ಬರೀ 40 ಮಿಲಿಗ್ರಾಂ.

ಗಟ್ಟಿ ಎರಕ ಹೊಯ್ದ ದಿನ ಆ ತಾಯಿ ಬಂದಿದ್ದರು. ತಕ್ಕಡಿ 18.98 ತೋರಿಸಿತು. "20 ಇತ್ತಲ್ಲ ಅಣ್ಣಾ?" ಅಂದರು. ಮೊದಲ ದಿನದ ಚೀಟಿ ತೆಗೆದು ಕೆಳಗೇ ಬರೆದೆ. ಆಗ 20 ಗ್ರಾಂನಲ್ಲಿ ಚಿನ್ನ 17.50, ಈಗ 18.98ರಲ್ಲಿ ಚಿನ್ನ 17.42. ಶುದ್ಧೀಕರಣದಲ್ಲಿ ಹೋದದ್ದು 80 ಮಿಲಿಗ್ರಾಂ, ಮಿಕ್ಕಿದ ಇಳಿಕೆಯೆಲ್ಲ ತೆಗೆದುಹಾಕಿದ ತಾಮ್ರ ಬೆಳ್ಳಿ. ಅವರು ಮೊಬೈಲಿನಲ್ಲಿ ತಾವೇ ಒಮ್ಮೆ ಗುಣಿಸಿ ನೋಡಿದರು. ಚೀಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡು, ಮಗಳ ಕೈ ಅಳತೆ ಕೊಟ್ಟು ಹೋದರು.