ಚಾವಡಿಯಲ್ಲಿ ಆಟ, ಹಾಡಿಯಲ್ಲಿ ಅಪರಾಧ

ಉಡುಪಿ ಕಡೆಯ ಪತ್ರಿಕೆಗಳಲ್ಲಿ ಈ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಮರಗಿಡಗಳ ಹಾಡಿಯಲ್ಲಿ ಅಂದರ್ ಬಾಹರ್, ಪೊಲೀಸರ ದಾಳಿ, ನಗದು ಮತ್ತು ಇಸ್ಪೀಟು ಎಲೆ ವಶ. ಓದುವಾಗೆಲ್ಲ ನನಗೆ ಒಂದೇ ಪ್ರಶ್ನೆ: ಇಲ್ಲಿ ದೂರು ಕೊಟ್ಟವರು ಯಾರು? ಕಳ್ಳತನವಾದರೆ ಕಳೆದುಕೊಂಡವನು ಠಾಣೆಗೆ ಹೋಗುತ್ತಾನೆ. ಇಲ್ಲಿ ಸೋತವನೂ ಮನಸ್ಸಿದ್ದೇ ಆಡಿದವನು. ಕೊನೆಗೆ ದಾಳಿ ಮಾಡಿದ ಪೊಲೀಸರೇ ದೂರುದಾರರು. ಬಲಿಪಶುವೇ ಇಲ್ಲದ ಅಪರಾಧ ಅನ್ನುವುದು ಇದನ್ನೇ.

ಈ ತಕರಾರು ಹಳೆಯದು. ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ 35 ವರ್ಷ ದುಡಿದ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಒಂದು ಪುಸ್ತಕ ಬರೆದ. ಇನ್ನೊಬ್ಬರಿಗೆ ಹಾನಿ ಆಗುವುದನ್ನು ತಡೆಯಲು ಮಾತ್ರ ಕಾನೂನು ಬಲ ಬಳಸಬಹುದು ಎಂದ. ‘ಅದು ಕೆಟ್ಟದ್ದು, ನಿನಗೇ ಒಳ್ಳೆಯದಲ್ಲ’ ಎಂದು ದೊಡ್ಡವರಿಗೆ ಬುದ್ಧಿ ಹೇಳಬಹುದು, ಶಿಕ್ಷೆ ಕೊಡುವಂತಿಲ್ಲ.

ಆದರೆ ಜೂಜಿನ ಹತ್ತಿರ ಬಂದಾಗ ಮಿಲ್ ಸ್ವಲ್ಪ ತಡವರಿಸಿದ. ಆಡುವವನನ್ನು ಬಿಡೋಣ, ಸರಿ. ಆಡಿಸಿ ದುಡ್ಡು ಮಾಡುವವನನ್ನು? ಅವನಿಗೆ ಜನ ಹಾಳಾದಷ್ಟೂ ಲಾಭ. ಇದು ಎರಡು ತತ್ವಗಳ ಗಡಿಯ ಮೇಲೇ ಕೂತಿದೆ ಎಂದು ಅವನೇ ಒಪ್ಪಿಕೊಂಡ. ಜನ ತಮ್ಮ ಮನೆಯಲ್ಲೋ, ಸದಸ್ಯರು ಚಂದಾ ಹಾಕಿ ನಡೆಸುವ ಕ್ಲಬ್ಬಿನಲ್ಲೋ ಆಡಲಿ, ಎಲ್ಲರಿಗೂ ಬಾಗಿಲು ತೆರೆದ ಜೂಜುಕಟ್ಟೆ ಮಾತ್ರ ಬೇಡ ಅನ್ನುವಲ್ಲಿಗೆ ಬಂದು ನಿಂತ.

ನಮ್ಮ ಕಾನೂನಿನ ಗೆರೆಯೂ ಹೆಚ್ಚುಕಡಿಮೆ ಅದೇ ಜಾಗದಲ್ಲಿದೆ. ಉತ್ತರದ ಪ್ರಾಂತ್ಯಗಳಿಗೆಂದು 1867ರಲ್ಲಿ ಬ್ರಿಟಿಷರು ಮಾಡಿದ ಜೂಜು ಕಾಯ್ದೆಯಲ್ಲಿ ಅದು ಇತ್ತು, 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೂ ಇದೆ. ನಾಲ್ಕು ಜನ ಗೆಳೆಯರನ್ನು ತೆಗೆದುಕೊಳ್ಳಿ. ಮಳೆಗಾಲದ ಸಂಜೆ ಒಬ್ಬನ ಮನೆಯ ಚಾವಡಿಯಲ್ಲಿ ಹಣ ಇಟ್ಟು ಎಲೆ ಹಾಕುತ್ತಾರೆ. ಮನೆಯವನಿಗೆ ಆಟದಿಂದ ಪಾಲಿಲ್ಲ. ಇದು ಅಪರಾಧವಲ್ಲ. ಅದೇ ಮನೆಯವನು ಪ್ರತಿ ಆಟಕ್ಕೂ ಇಷ್ಟು ಕಮಿಷನ್ ಎಂದು ತೆಗೆದಿಡಲು ಶುರುಮಾಡಿದರೆ ಚಾವಡಿ ಜೂಜುಕಟ್ಟೆಯಾಗುತ್ತದೆ. ಅವನ ಮೇಲೆ 79ನೇ ಕಲಂ, ಕೂತು ಆಡಿದವರ ಮೇಲೆ 80. ಅವರೇ ಎದ್ದು ರಸ್ತೆ ಬದಿಯ ಹಾಡಿಗೆ ಹೋದರೆ ಕಮಿಷನ್ ಇಲ್ಲದಿದ್ದರೂ 87ನೇ ಕಲಂ, ಯಾಕೆಂದರೆ ಅದು ಸಾರ್ವಜನಿಕ ಸ್ಥಳ. ಎಲೆಯೂ ಅದೇ, ಹಣವೂ ಅದೇ. ಚಾವಡಿ ಇದ್ದವನು ಪಾರಾಗುತ್ತಾನೆ, ಇಲ್ಲದವನು ಸಿಕ್ಕಿಬೀಳುತ್ತಾನೆ ಅಲ್ವಾ?

ಇನ್ನೊಂದು ಬಾಗಿಲೂ ಇದೆ. ಕೌಶಲದ ಆಟಕ್ಕೆ ಈ ಶಿಕ್ಷೆಗಳು ಅನ್ವಯಿಸುವುದಿಲ್ಲ. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ 1967ರಲ್ಲಿ ಸುಪ್ರೀಂ ಕೋರ್ಟ್, ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕು, ಹಾಗಾಗಿ ಅದು ಹೆಚ್ಚಾಗಿ ಕೌಶಲವೇ ಎಂದಿತು. ಅಂದರ್ ಬಾಹರ್ ಬರೀ ಅದೃಷ್ಟದ ಆಟ, ಅದಕ್ಕೆ ಆ ಭಾಗ್ಯವಿಲ್ಲ.

ಮಿಲ್‌ನ ಎದುರು ಪಕ್ಷವನ್ನು ಗಟ್ಟಿಯಾಗಿ ಹಿಡಿದವನು ಇಂಗ್ಲೆಂಡಿನ ನ್ಯಾಯಾಧೀಶ ಪ್ಯಾಟ್ರಿಕ್ ಡೆವ್ಲಿನ್, 1959ರಲ್ಲಿ. ಒಬ್ಬ ದಿನಾ ರಾತ್ರಿ ಮನೆಯೊಳಗೆ ಕುಡಿದರೆ ಯಾರಿಗೇನು ನಷ್ಟ? ಸರಿ, ಊರಿನ ಅರ್ಧ ಜನ ಹಾಗೇ ಮಾಡಿದರೆ ಆ ಊರು ಊರಾಗಿ ಉಳಿಯುತ್ತದಾ? ಜೂಜಿಗೂ ಇದೇ ಮಾತು ಎಂದ. ಎಷ್ಟು ಜನ ಕೆಟ್ಟ ಮೇಲೆ ಕಾನೂನು ಬರಬೇಕು ಎಂದು ಮೊದಲೇ ಗೆರೆ ಹಾಕಲಾಗದು ಎನ್ನುವುದು ಅವನ ವಾದ. 1963ರಲ್ಲಿ ಹಾರ್ಟ್ ಎಂಬ ಕಾನೂನು ಪಂಡಿತ ಇದಕ್ಕೆ ಉತ್ತರ ಕೊಟ್ಟ: ನೀತಿಯ ಒಂದು ಎಳೆ ಬದಲಾದರೆ ಸಮಾಜವೇ ಕುಸಿಯುತ್ತದೆ ಎನ್ನುವುದಕ್ಕೆ ಪುರಾವೆ ಎಲ್ಲಿ?

ನನಗೆ ಡೆವ್ಲಿನ್‌ನ ಲೆಕ್ಕ ಪೂರ್ತಿ ಸುಳ್ಳು ಅನಿಸುವುದಿಲ್ಲ. ಸೋತವನ ಹೆಂಡತಿಯನ್ನು ಕೇಳಿದರೆ ‘ಬಲಿಪಶು ಇಲ್ಲ’ ಎನ್ನುತ್ತಾಳಾ? ಆದರೆ ಮಿಲ್ ಅದನ್ನೂ ಯೋಚಿಸಿದ್ದ. ಮನೆ ನಡೆಸದ ಗಂಡನನ್ನು ಮನೆ ನಡೆಸದ್ದಕ್ಕೆ ಶಿಕ್ಷಿಸಿ, ದುಂದಿಗಲ್ಲ ಎಂದ. ಅಂದರೆ ಜೀವನಾಂಶದ ಕಾನೂನು ಬೇಕು. ದಂಡದ ಹಣವೂ ಅದೇ ಮನೆಯಿಂದಲೇ ತಾನೇ ಹೋಗುವುದು?

ಕೋಳಿ ಅಂಕವನ್ನೂ ಇದೇ ಸಾಲಿಗೆ ಸೇರಿಸುವವರಿದ್ದಾರೆ. ಅದು ಬೇರೆ. ಅಲ್ಲಿ ಕಾಲಿಗೆ ಬಾಳು ಕತ್ತಿ ಕಟ್ಟಿಸಿಕೊಂಡ ಹುಂಜವನ್ನು ಯಾರೂ ಒಪ್ಪಿಗೆ ಕೇಳಿರುವುದಿಲ್ಲ. ತಮಾಷೆ ಏನೆಂದರೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ.

ಈಗ ಚಾವಡಿ ಫೋನಿಗೆ ಬಂದಿದೆ. 2021ರಲ್ಲಿ ರಾಜ್ಯ ಸರಕಾರ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಕೌಶಲದ್ದೂ ಸೇರಿಸಿ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧದ ಕಲಂಗಳನ್ನು ರದ್ದುಮಾಡಿತು. 2025ರಲ್ಲಿ ಕೇಂದ್ರವೇ ಕಾಯ್ದೆ ತಂದು ಹಣದ ಆನ್‌ಲೈನ್ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ ಇಟ್ಟಿತು. ಅದರಲ್ಲಿ ಆಡುವವನಿಗೆ ಶಿಕ್ಷೆಯಿಲ್ಲ. ಹಾಡಿಯಲ್ಲಿ ಪೇಪರ್ ಹಾಸಿ ಕೂತವನಿಗೆ ಮಾತ್ರ 87ನೇ ಕಲಂ ಇನ್ನೂ ಇದೆ.