ಮಧ್ಯಾಹ್ನ ಎರಡಕ್ಕೆ ಬರೆಯಬೇಕಾದ ಚೀಟಿ

ಬೆಳಿಗ್ಗೆ 8ರಿಂದ 2ರವರೆಗೆ ಒಂದು ಪಾಳಿ, 2ರಿಂದ ರಾತ್ರಿ 8ರವರೆಗೆ ಇನ್ನೊಂದು. ಯಾರಾದರೂ ರಜೆಯ ಮೇಲೆ ಹೋದರೆ ಎರಡೂ ಪಾಳಿ ಒಬ್ಬರ ಮೇಲೆಯೇ ಬೀಳುವುದು ನಮ್ಮ ವೃತ್ತಿಯಲ್ಲಿ ಹೊಸದಲ್ಲ. ಮಂಡ್ಯದ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿನ ಉಸ್ತುವಾರಿಯಲ್ಲಿರುವ ನನ್ನ ಕೈಕೆಳಗೆ, ಮದ್ದೂರಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಯುವ ನರ್ಸ್ ಒಬ್ಬಳಿಗೆ ಒಂದೇ ವಾರದಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಹೀಗೆ ಡಬಲ್ ಡ್ಯೂಟಿ ಬಂದಿತು. ಆಕೆಯನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ.

ಸೋಮವಾರ ಸುಮಾ ದಿನದ ಕೆಲಸಗಳ ಚೀಟಿಯನ್ನು ಎಲ್ಲರಂತೆ ಹಾಸಿಗೆಯ ಕ್ರಮದಲ್ಲಿ ಬರೆದುಕೊಂಡಿದ್ದಳು: 1ನೇ ಹಾಸಿಗೆಗೆ ಏನೇನು, 2ನೆಯದಕ್ಕೆ ಏನೇನು, ಹೀಗೆ 12ರವರೆಗೆ. ಡ್ಯೂಟಿ ವಹಿಸಿಕೊಳ್ಳುವಾಗ ಈ ಕ್ರಮ ಸರಿಯೇ, ಏಕೆಂದರೆ ರಾತ್ರಿಯ ನರ್ಸ್ ಹೇಳುತ್ತಾ ಹೋಗುವುದು ಹಾಗೆಯೇ. ಆದರೆ 11 ಗಂಟೆಗೆ ಯಾವ ಕೆಲಸ ಬಾಕಿಯಿದೆ ಎಂದು ತಿಳಿಯಲು ಪೂರ್ತಿ ಚೀಟಿ ಓದಬೇಕಾಗುತ್ತದೆ. ಅಂದು 10 ಗಂಟೆಗೆ ಜ್ವರದ ಮಾತ್ರೆ ಕೊಟ್ಟವರ ತಾಪಮಾನವನ್ನು ಮತ್ತೆ ನೋಡಿದ್ದು 2 ಗಂಟೆಗೆ. ಮಾತ್ರೆ ಕೊಡುವುದನ್ನು ಯಾರೂ ಮರೆಯುವುದಿಲ್ಲ, ಕೊಟ್ಟ ಮೇಲೆ ಮತ್ತೆ ಹೋಗಿ ನೋಡುವುದೇ ಮರೆಯುವುದು.

ಬುಧವಾರ ನಾವಿಬ್ಬರೂ ಕುಳಿತು ಚೀಟಿಯ ಕ್ರಮ ಬದಲಿಸಿದೆವು. ಅಂಗೈಯಗಲದ ಕಾಗದದ ಎಡಬದಿಯಲ್ಲಿ ಗಂಟೆ, ಅದರ ಮುಂದೆ ಹಾಸಿಗೆಯ ಸಂಖ್ಯೆ ಮತ್ತು ಒಂದೇ ಒಂದು ಪದ. ರೋಗಿಯ ಹೆಸರು ಬೇಡ, ಔಷಧಿಯ ಪ್ರಮಾಣವಂತೂ ಬೇಡವೇ ಬೇಡ. ಪ್ರಮಾಣವನ್ನು ಪ್ರತಿಸಲವೂ ಕೇಸ್ ಶೀಟ್ ನೋಡಿಯೇ ಕೊಡಬೇಕು. ಕೆಲಸ ಮಾಡಿದಾಗ ಒಂದು ಗೀಟು, ಅದರ ಪರಿಣಾಮ ನೋಡಿ ಬಂದ ಮೇಲೆ ಅಡ್ಡಲಾಗಿ ಇನ್ನೊಂದು ಗೀಟು.

ಇದರ ಉಪಯೋಗ ಅಂದೇ ಕಂಡಿತು. 9ನೇ ಹಾಸಿಗೆಯ ಮಧುಮೇಹಿಗೆ 12 ಗಂಟೆಗೆ ಸಕ್ಕರೆ ಪರೀಕ್ಷಿಸಿ, ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವ ಇನ್ಸುಲಿನ್ ಕೊಟ್ಟು ಸುಮಾ ಒಂದು ಗೀಟು ಎಳೆದಿದ್ದಳು. ಇನ್ನೊಂದು ಗೀಟು ಎಳೆಯಬೇಕಾದದ್ದು ಅವರು ಉಂಡದ್ದನ್ನು ಕಣ್ಣಾರೆ ಕಂಡ ಮೇಲೆ. 12.45ಕ್ಕೆ ಚೀಟಿ ತೆಗೆದರೆ ಅಲ್ಲಿ ಒಂದೇ ಗೀಟು. ಹೋಗಿ ನೋಡಿದರೆ ಊಟದ ತಟ್ಟೆ ಮುಚ್ಚಿದಂತೆಯೇ ಇದೆ, ಹಾಸಿಗೆ ಖಾಲಿ. ಅವರನ್ನು ಗಾಲಿಕುರ್ಚಿಯಲ್ಲಿ ಎಕ್ಸ್-ರೇಗೆ ಕರೆದೊಯ್ದಿದ್ದರು. ಸುಮಾ ಅಲ್ಲಿಗೆ ಓಡಿದಾಗ ಅವರು ಸರದಿಯಲ್ಲಿ ಕುಳಿತು ಬೆವರುತ್ತಿದ್ದರು, ಕೈ ನಡುಗುತ್ತಿತ್ತು. ಸಕ್ಕರೆಯ ಪ್ರಮಾಣ 64. ಅದು 70ಕ್ಕಿಂತ ಕೆಳಗಿಳಿದರೆ ಕಾಯುವಂತಿಲ್ಲ. ಅವರಿಗೆ ಪ್ರಜ್ಞೆಯಿತ್ತು, ನುಂಗಲು ತೊಂದರೆ ಇರಲಿಲ್ಲವಾದ್ದರಿಂದ ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಸಿ, ವೈದ್ಯರಿಗೆ ತಿಳಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿದಾಗ 92 ಬಂದಿತು. ಆಮೇಲೆ ಊಟ ಮಾಡಿಸಿ, ಎಲ್ಲವನ್ನೂ ಕೇಸ್ ಶೀಟಿನಲ್ಲಿ ದಾಖಲಿಸಿಯೇ ಆಕೆ ಎರಡನೇ ಗೀಟು ಎಳೆದಳು.

ಆದರೆ ಡಬಲ್ ಡ್ಯೂಟಿಯ ನಿಜವಾದ ಅಪಾಯ ಇರುವುದು ಮಧ್ಯಾಹ್ನ 2 ಗಂಟೆಯಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಮಾನ್ಯ ದಿನಗಳಲ್ಲಿ ಆ ಹೊತ್ತಿಗೆ ಇನ್ನೊಬ್ಬ ನರ್ಸ್ ಬಂದು ಪ್ರತಿ ಹಾಸಿಗೆಯ ಬಳಿ ನಿಂತು ಪ್ರಶ್ನೆ ಕೇಳುತ್ತಾಳೆ. ತಪ್ಪಿದ್ದು, ಉಳಿದದ್ದು ಅಲ್ಲಿ ಹೊರಬೀಳುತ್ತದೆ. ಎರಡೂ ಪಾಳಿ ಒಬ್ಬಳದೇ ಆದಾಗ ಆ ತಪಾಸಣೆಯೇ ಇಲ್ಲವಾಗುತ್ತದೆ, ದಣಿದ ಮನಸ್ಸು ಬೆಳಗಿನ ಚೀಟಿಯನ್ನೇ ನಂಬಿ ಮುಂದುವರಿಯುತ್ತದೆ. ಆದ್ದರಿಂದ ಬೆಳಗಿನ ಚೀಟಿಯನ್ನು ಮುಂದುವರಿಸದೆ, ಊಟ ಮುಗಿಸಿ ಬಂದು, ಡ್ಯೂಟಿಯನ್ನು ಬೇರೆಯವರಿಂದ ವಹಿಸಿಕೊಳ್ಳುವವಳಂತೆ ಹಾಸಿಗೆಯಿಂದ ಹಾಸಿಗೆಗೆ ನಡೆದು, ಕೇಸ್ ಶೀಟ್‌ಗಳನ್ನು ನೋಡಿಯೇ ಸಂಜೆಯ ಚೀಟಿ ಬರೆಯಬೇಕೆಂದು ಸುಮಾಗೆ ಹೇಳಿದೆ. ಶುಕ್ರವಾರ ಹಾಗೆ ಬರೆಯುವಾಗ, 4ನೇ ಹಾಸಿಗೆಗೆ ಸಂಜೆ 6ಕ್ಕೆ ಇದ್ದ ಆ್ಯಂಟಿಬಯೋಟಿಕ್ ಇಂಜೆಕ್ಷನ್ನನ್ನು ವೈದ್ಯರು 11ರ ರೌಂಡ್ಸಿನಲ್ಲಿ ನಿಲ್ಲಿಸಿ ಮಾತ್ರೆಗೆ ಬದಲಿಸಿದ್ದು ಗೊತ್ತಾಯಿತು. ಬೆಳಗಿನ ಚೀಟಿಯಲ್ಲಿ ಅದಿನ್ನೂ ಇಂಜೆಕ್ಷನ್ ಎಂದೇ ಇತ್ತು. ಡ್ಯೂಟಿ ಮುಗಿದ ಮೇಲೆ ಎರಡೂ ಚೀಟಿಗಳನ್ನು ಹರಿದು ಹಾಕಬೇಕು, ಅವು ದಾಖಲೆಯಲ್ಲ.

ವಾರಕ್ಕೆ ಬೇರೆ ಚೀಟಿಯೊಂದಿತ್ತು, ತೀರಾ ಚಿಕ್ಕದು. ಡಬಲ್ ಡ್ಯೂಟಿಯ ರಾತ್ರಿಗಳಲ್ಲಿ ಮನೆ ಮುಟ್ಟುವ ಮತ್ತು ಮಲಗುವ ಹೊತ್ತು ಮಾತ್ರ ಅದರಲ್ಲಿದ್ದವು. ಬಟ್ಟೆ ಒಗೆಯುವುದು, ಬ್ಯಾಂಕಿನ ಕೆಲಸ ಎಲ್ಲವೂ ಗುರುವಾರ ಮತ್ತು ಶನಿವಾರಕ್ಕೆ ಹೋದವು.

ಚೀಟಿಯಿಂದ ಕೆಲಸವೇನೂ ಕಡಿಮೆಯಾಗದು, ಆದರೆ ಎಲ್ಲಿ ಒಬ್ಬರ ಕೈಗೆ ಮೀರುತ್ತದೆ ಎಂಬುದನ್ನು ಅದು ಮೊದಲೇ ತೋರಿಸುತ್ತದೆ. ಶುಕ್ರವಾರ 3 ಗಂಟೆಗೆ ಸುಮಾ ಸಂಜೆಯ ಚೀಟಿಯನ್ನು ನನ್ನ ಮುಂದಿಟ್ಟು, "ಮೇಡಂ, 6 ಗಂಟೆ ಸಾಲಿನಲ್ಲಿ ಏಳು ಕೆಲಸ ಇವೆ, ಅದರ ಜೊತೆ ರಕ್ತ ಹಾಕುವುದೂ ಇದೆ," ಎಂದಳು. ರಕ್ತ ಹಾಕಲು ಆರಂಭಿಸಿದ ಮೊದಲ 15 ನಿಮಿಷ ರೋಗಿಯ ಬಳಿಯೇ ಇರಬೇಕಾದ್ದರಿಂದ ಉಳಿದ ಏಳೂ ಹೊತ್ತಿಗೆ ಸರಿಯಾಗಿ ಆಗುವಂತಿರಲಿಲ್ಲ. ಪಕ್ಕದ ವಾರ್ಡಿನಿಂದ ಒಬ್ಬ ನರ್ಸನ್ನು 6ರಿಂದ 7ರವರೆಗೆ ಕಳುಹಿಸಿಕೊಡುವಂತೆ ನಾನು ಆಗಲೇ ಫೋನ್ ಮಾಡಿದೆ.