ಪದ ಪರಿಚಯ: ಭಾಷಾಶಾಸ್ತ್ರದ ಪಿಎಚ್‌ಡಿಗೆ ಬರೆಯುವ ಶಿಫಾರಸು ಪತ್ರ

ಶಿಫಾರಸು ಪತ್ರ ಅಂದರೆ ನಮ್ಮಲ್ಲಿ ತುಂಬಾ ಜನ ಕ್ಯಾರೆಕ್ಟರ್ ಸರ್ಟಿಫಿಕೇಟ್ ಅಂತಲೇ ತಿಳಿದಿರುತ್ತಾರೆ. ವಿದ್ಯಾರ್ಥಿನಿ ಶ್ರಮಜೀವಿ, ವಿನಯವಂತೆ, ತರಗತಿಗೆ ತಪ್ಪದೆ ಬರುತ್ತಿದ್ದಳು, ಕೆಳಗೊಂದು ಸಹಿ, ಸೀಲು. ಇಲ್ಲಿ ಪಿಎಚ್‌ಡಿ ಸೀಟು ಹೆಚ್ಚಾಗಿ ಪ್ರವೇಶ ಪರೀಕ್ಷೆ, ನೆಟ್ ಅಂಕ ಮತ್ತು ಸಂದರ್ಶನದ ಮೇಲೆ ನಿಲ್ಲುತ್ತದೆ, ಹಾಗಾಗಿ ಪತ್ರ ಹೇಗಿದ್ದರೂ ನಡೆದುಹೋಗುತ್ತದೆ. ಅಮೆರಿಕದ ವಿಭಾಗಗಳಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯವಾಗಿ ಮೂರು ಪತ್ರ ಕೇಳುತ್ತಾರೆ. ಅವನ್ನು ಮೇಷ್ಟ್ರೇ ನೇರವಾಗಿ ಆನ್‌ಲೈನಿನಲ್ಲಿ ಹಾಕಬೇಕು. ಅದನ್ನು ನೋಡುವ ಹಕ್ಕು ಬಿಟ್ಟುಕೊಡುತ್ತೇನೆ ಅಂತ ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲೇ ಟಿಕ್ ಮಾಡಿರುತ್ತಾನೆ. ಪ್ರತಿ ವರ್ಷ ಸೀಟು ಸಿಗುವುದು ಬೆರಳೆಣಿಕೆಯಷ್ಟು ಜನಕ್ಕೆ. ಪತ್ರ ಓದುವವರು ಕೂಡ ಭಾಷಾಶಾಸ್ತ್ರದ ಮೇಷ್ಟ್ರುಗಳೇ, ಅವರಿಗೆ ಬೇಕಿರುವುದು ನಡತೆಯಲ್ಲ, ಪುರಾವೆ.

ಎಂತಹ ಪುರಾವೆ? ಸೈದ್ಧಾಂತಿಕ ಭಾಷಾಶಾಸ್ತ್ರಕ್ಕೆ ಹೋಗುವವರ ಪತ್ರದಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ಒಂದು, ಕ್ಷೇತ್ರಕಾರ್ಯ, ಅಂದರೆ ಜನರ ಬಳಿ ಹೋಗಿ ಅವರ ಭಾಷೆಯ ಬಗ್ಗೆ ಕೇಳಿ ತಿಳಿಯುವ ಕೆಲಸ, ಚೆನ್ನಾಗಿ ಮಾಡುತ್ತಾಳೆ. ಇನ್ನೊಂದು, ಸ್ವತಂತ್ರವಾಗಿ ವಿಶ್ಲೇಷಣೆ ಮಾಡುತ್ತಾಳೆ. ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಹೊಗಳಿ ಮುಗಿಸುವವರೇ ಜಾಸ್ತಿ. ನನ್ನ ಪ್ರಕಾರ ಪತ್ರ ಸೋಲುವುದು ಅಲ್ಲೇ, ಯಾಕೆಂದರೆ ನಿಜವಾದ ಕೆಲಸದಲ್ಲಿ ಇವೆರಡೂ ಒಂದೇ ಜಾಗದಲ್ಲಿ ನಡೆಯುತ್ತವೆ. ಒಂದು ಉದಾಹರಣೆ ಹಿಡಿದು ನೋಡೋಣ. ವಿದ್ಯಾರ್ಥಿನಿ ಕಲ್ಪಿತ, ಆದರೆ ವಾಕ್ಯಗಳು ನೀವು ದಿನಾ ಆಡುವಂಥವೇ.

"ರವಿ ತಾನು ನಾಳೆ ಬರ್ತೀನಿ ಅಂತ ಹೇಳಿದ." ಈ ವಾಕ್ಯದಲ್ಲಿ ಬರುವವನು ರವಿ, ನಾನಲ್ಲ. ಆದರೂ ಕ್ರಿಯಾಪದದ ಕೊನೆಯಲ್ಲಿ ಇರುವುದು "ನಾನು" ಜೊತೆ ಬರುವ "-ಈನಿ". ಯಾಕೆ? ತಟ್ಟನೆ ಹೊಳೆಯುವ ಉತ್ತರ, ಇದು ರವಿಯ ಮಾತಿನ ಉದ್ಧರಣೆ, ಅವನು ಹೇಳಿದ್ದನ್ನೇ ಹಾಗೇ ಹೇಳುತ್ತಿದ್ದೇವೆ ಅನ್ನುವುದು. ಆದರೆ ರವಿ ಬಾಯಲ್ಲಿ ಬಂದದ್ದು "ನಾನು ಬರ್ತೀನಿ" ಅಂತಲೇ ತಾನೇ, ಹಾಗಿದ್ದರೆ "ತಾನು" ಎಲ್ಲಿಂದ ಬಂತು? ಸರ್ವನಾಮ ವರದಿ ಮಾಡುವವರದು, ಪ್ರತ್ಯಯ ರವಿಯದು. ಸಿದ್ಧಾಂತದವರಿಗೆ ಇದು ದೊಡ್ಡ ವಿಷಯ. "ನಾನು" ಎಂಬ ಪದ ಯಾವಾಗಲೂ ಈಗ ಮಾತಾಡುತ್ತಿರುವವರನ್ನೇ ತೋರಿಸುತ್ತದೆ, ಅದನ್ನು ಬೇರೆಯವರ ಕಡೆ ತಿರುಗಿಸುವ ಸಾಧನ ಇಂಗ್ಲಿಷಿನಲ್ಲಿಲ್ಲ ಎಂದು ಅಮೆರಿಕದ ತತ್ವಶಾಸ್ತ್ರಜ್ಞ ಡೇವಿಡ್ ಕ್ಯಾಪ್ಲನ್ ವಾದಿಸಿದ್ದರು. 1989ರಲ್ಲಿ ಅಚ್ಚಾದ ಆ ಲೇಖನದಲ್ಲಿ ಅಂಥ ಸಾಧನಗಳಿಗೆ ಅವರಿಟ್ಟ ಹೆಸರು ಮಾನ್ಸ್ಟರ್. ಆಮೇಲೆ ಬೇರೆ ಬೇರೆ ಭಾಷೆಗಳಲ್ಲಿ ಇಂಥ ಸಾಧನಗಳ ಹುಡುಕಾಟ ಶುರುವಾಯಿತು, ತಮಿಳಿನ "ತಾನ್" ಬಗ್ಗೆಯೂ ಚರ್ಚೆ ನಡೆದಿದೆ.

ಈಗ ನಮ್ಮ ವಿದ್ಯಾರ್ಥಿನಿ. ಮೇಷ್ಟ್ರು ಅವಳಿಗೆ, ಇದು ಉದ್ಧರಣೆ ಅಷ್ಟೇ, ಒಂದು ಅಡಿಟಿಪ್ಪಣಿ ಹಾಕಿ ಮುಂದೆ ಹೋಗು ಅಂದಿದ್ದರು ಅಂತ ಇಟ್ಟುಕೊಳ್ಳಿ. ಅವಳು ಸುಮ್ನೆ ಒಪ್ಪಲಿಲ್ಲ. ಒಂದು ಪ್ರಶ್ನೆ ಕಟ್ಟಿಕೊಂಡು ಬಂದಳು: "ರವಿ ತಾನು ಯಾರನ್ನ ಮದುವೆ ಆಗ್ತೀನಿ ಅಂತ ಹೇಳಿದ?" ಇದಕ್ಕೆ "ಗೀತಾನ" ಅಂತ ಉತ್ತರ ಕೊಡಬಹುದು. ಪ್ರಶ್ನೆ ಕೇಳುತ್ತಿರುವುದು ನಾವು, ರವಿ ಏನೂ ಕೇಳಿಲ್ಲ. ಒಳಗಿನ ಮಾತು ಪೂರ್ತಿ ಉದ್ಧರಣೆಯಾಗಿದ್ದರೆ ಅದರೊಳಗಿನ "ಯಾರನ್ನ" ನಮ್ಮ ಪ್ರಶ್ನೆ ಆಗಬಾರದಿತ್ತು. ಅಲ್ಲಿಗೆ ಬರೀ ಉದ್ಧರಣೆ ಅನ್ನುವ ಉತ್ತರ ಸಾಲದಾಯಿತು.

ಎರಡನೇ ಪರೀಕ್ಷೆಗೆ ಊರಿಗೇ ಹೋಗಬೇಕು. ರವಿ ಒಂದು ಹಳೇ ಕಬಡ್ಡಿ ವಿಡಿಯೋ ನೋಡುತ್ತಿದ್ದಾನೆ. ಆಟಗಾರನ ಮುಖವೆಲ್ಲ ಮಣ್ಣು. ಅದು ತಾನೇ ಅಂತ ಅವನಿಗೆ ಗೊತ್ತಾಗಿಲ್ಲ, "ಈ ಹುಡುಗ ಚೆನ್ನಾಗಿ ಆಡ್ತಾನೆ" ಅಂದ. ಈಗ ಇದನ್ನು "ರವಿ ತಾನು ಚೆನ್ನಾಗಿ ಆಡ್ತೀನಿ ಅಂದ" ಅಂತ ಹೇಳಬಹುದಾ? ನನ್ನ ಕಿವಿಗೆ ಇದು ತಪ್ಪು, ನೀವೂ ಹೇಳಿ ನೋಡಿ. ಅಂದರೆ ತನ್ನ ಬಗ್ಗೆಯೇ ಮಾತಾಡುತ್ತಿದ್ದೇನೆ ಅಂತ ರವಿಗೆ ಗೊತ್ತಿದ್ದರೆ ಮಾತ್ರ ಆ "-ಈನಿ" ಸರಿಹೋಗುತ್ತದೆ. ಇಂಥ ಉತ್ತರ ಅನುವಾದ ಮಾಡಿಸಿದರೆ ಸಿಗುವುದಿಲ್ಲ. ಇಂಗ್ಲಿಷ್ ವಾಕ್ಯ ಕೊಟ್ಟು ಕನ್ನಡದಲ್ಲಿ ಹೇಳಿ ಅಂದರೆ ಮಾತುಗಾರರು ಒಂದು ಅನುವಾದ ಕೊಡುತ್ತಾರೆ, ಆದರೆ ಇನ್ನೊಂದು ವಾಕ್ಯ ಯಾಕೆ ಆಗುವುದಿಲ್ಲ ಅನ್ನುವುದು ಹೊರಗೆ ಬರುವುದೇ ಇಲ್ಲ. ಸನ್ನಿವೇಶವನ್ನು ಕಥೆಯಾಗಿ ಹೇಳಬೇಕು, ಕೇಳುವವರಿಗೆ ಅದು ಅರ್ಥವಾಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು, ಆಮೇಲೆ ವಾಕ್ಯ ಕೊಟ್ಟು ಇಲ್ಲಿ ಹೀಗೆ ಅನ್ನುತ್ತೀರಾ ಅಂತ ಕೇಳಬೇಕು.

ಅವಳ ಬಳಿ ಇಬ್ಬರು ಹಿರಿಯರು "ಹ್ಞೂಂ, ಹೇಳಬಹುದು" ಅಂದರು ಅಂತಿಟ್ಟುಕೊಳ್ಳಿ. ದುರ್ಬಲ ವಿದ್ಯಾರ್ಥಿ ಈ ಇಬ್ಬರನ್ನು ಪಟ್ಟಿಯಿಂದ ಕೈಬಿಡುತ್ತಾನೆ, ಇಲ್ಲವೇ "ಮಾತುಗಾರರಲ್ಲಿ ವ್ಯತ್ಯಾಸವಿದೆ" ಅಂತ ಬರೆದು ಮುಗಿಸುತ್ತಾನೆ. ಇವಳು ರೆಕಾರ್ಡಿಂಗ್ ಮತ್ತೆ ಕೇಳಿದಳು. ಒಬ್ಬರು ನಡುವೆ "ಅವನೇ ಅಲ್ವಾ ಅದು, ಹೇಳಿದರೇನಂತೆ" ಅಂದಿದ್ದರು. ಅಂದರೆ ಅವರು ತೀರ್ಪು ಕೊಟ್ಟಿದ್ದು ತಮಗೆ ಗೊತ್ತಿದ್ದರ ಮೇಲೆ, ರವಿಗೆ ಏನು ಗೊತ್ತಿತ್ತು ಅನ್ನುವುದರ ಮೇಲಲ್ಲ. ಅವಳು ವಾಪಸ್ ಹೋಗಿ ಕಥೆ ಬದಲಾಯಿಸಿದಳು. ರವಿಗೆ ಕೊನೆಯವರೆಗೂ ಗೊತ್ತಾಗಲೇ ಇಲ್ಲ, ಆ ಹುಡುಗ ಯಾರು ಅಂತ ಬೇರೆಯವರನ್ನು ಕೇಳಿದ ಅಂತ ಸೇರಿಸಿದಳು. ಆಗ ಇಬ್ಬರೂ "ಹಂಗಾದ್ರೆ ಆಗಲ್ಲ" ಅಂದರು.

ಪತ್ರದಲ್ಲಿ ಬರಬೇಕಾದ ಪ್ಯಾರಾ ಇದೇ. ಹೆಚ್ಚು ಕಡಿಮೆ ಹೀಗೆ: "ಈ ವಾಕ್ಯಗಳನ್ನು ಉದ್ಧರಣೆ ಎಂದು ಬಿಟ್ಟುಬಿಡಲು ನಾನೇ ಹೇಳಿದ್ದೆ. ಆಕೆ ನಾನು ಸೂಚಿಸದ ಎರಡು ಪರೀಕ್ಷೆಗಳೊಂದಿಗೆ ಬಂದಳು. ಇಬ್ಬರು ಮಾತುಗಾರರ ಉತ್ತರ ತನ್ನ ವಾದಕ್ಕೆ ವಿರುದ್ಧವಾಗಿದ್ದಾಗ ಅದನ್ನು ಬಚ್ಚಿಡದೆ ಕಾರಣ ಹುಡುಕಿದಳು, ಸನ್ನಿವೇಶ ತಿದ್ದಿ ಮತ್ತೆ ಕೇಳಿದಳು. ನಾನು ಈಗ ನನ್ನ ಅಭಿಪ್ರಾಯ ಬದಲಿಸಿದ್ದೇನೆ." ಇದರಲ್ಲಿ ಕ್ಷೇತ್ರಕಾರ್ಯ, ಸ್ವತಂತ್ರ ಅನ್ನುವ ಪದಗಳೇ ಇಲ್ಲ, ಆದರೆ ಓದಿದವರಿಗೆ ಎರಡೂ ಸಿಗುತ್ತವೆ. ಯಾವ ಆಲೋಚನೆ ಮೇಷ್ಟ್ರದು, ಯಾವುದು ವಿದ್ಯಾರ್ಥಿನಿಯದು ಅನ್ನುವ ಗೆರೆ ಸ್ಪಷ್ಟವಾಗಿದೆ. ಆಯ್ಕೆ ಸಮಿತಿ ಹುಡುಕುವುದು ಆ ಗೆರೆಯನ್ನೇ, ಯಾಕೆಂದರೆ ಮೇಷ್ಟ್ರ ಯೋಜನೆಯಲ್ಲಿ ಹೇಳಿದಷ್ಟು ಮಾಡಿದವರ ಪ್ರಬಂಧವೂ ನೋಡಲು ಚೆನ್ನಾಗಿಯೇ ಇರುತ್ತದೆ.

ನಮ್ಮ ಕಡೆಯ ಪತ್ರಗಳಲ್ಲಿ ಎರಡು ಸಂಗತಿ ನನಗೆ ನಿಜಕ್ಕೂ ಬೇಸರ ತರಿಸುತ್ತವೆ. ಒಂದು, "ಈಕೆಗೆ ಐದು ಭಾಷೆ ಬರುತ್ತದೆ" ಅನ್ನುವ ಹೊಗಳಿಕೆ. ಭಾಷೆ ಬರುವುದು ಬೇರೆ, ಇನ್ನೊಬ್ಬರ ಭಾಷೆಯ ಬಗ್ಗೆ ಅವರಿಂದ ತೀರ್ಪು ಪಡೆಯುವುದು ಬೇರೆ. ತನ್ನ ಮನೆಮಾತಿನ ಮೇಲೆ ಕೆಲಸ ಮಾಡುವವರಿಗೆ ಇದು ಇನ್ನೂ ಕಷ್ಟ, ತನ್ನ ಕಿವಿಯನ್ನೇ ನಂಬಿ ಬೇರೆಯವರನ್ನು ಕೇಳುವುದನ್ನೇ ಬಿಡುವ ಅಪಾಯವಿದೆ. ಅವಳು ಅದನ್ನು ಹೇಗೆ ದಾಟಿದಳು ಅಂತ ಬರೆದರೆ ಅದಕ್ಕೆ ಬೆಲೆ ಉಂಟು. ಇನ್ನೊಂದು, "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಅನ್ನುವ ಪದ್ಧತಿ. ಮೂರೂ ಪತ್ರದ ದನಿ ಒಂದೇ ಆಗಿದ್ದರೆ ಓದುವವರಿಗೆ ಅದು ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೇಷ್ಟ್ರು ಎಲ್ಲಿ ತಮ್ಮ ಅಭಿಪ್ರಾಯ ಬದಲಿಸಿದರು ಅನ್ನುವುದನ್ನು ವಿದ್ಯಾರ್ಥಿನಿ ಬರೆಯಲಾರಳು.

ಪತ್ರ ಕೇಳುವವರು ಮಾಡಬೇಕಾದ್ದು ಇಷ್ಟು. ಡಿಸೆಂಬರಿನಲ್ಲಿ ಕೊನೆ ದಿನಾಂಕಗಳು ಬರುತ್ತವೆ, ಹಾಗಾಗಿ ಅಕ್ಟೋಬರಿನಲ್ಲೇ ಕೇಳಿ. ಬಯೋಡೇಟಾ ಜೊತೆ ಒಂದು ಹಾಳೆಯಲ್ಲಿ ಆ ಮೂರ್ನಾಲ್ಕು ವಾಕ್ಯ, ಹೇಳಿದ ಸನ್ನಿವೇಶ, ಬಂದ ಉತ್ತರ, ಎಲ್ಲಿ ಎಡವಿದ್ದಿರಿ, ಏನು ಬದಲಾಯಿಸಿದಿರಿ ಅಂತ ಬರೆದು ಕೊಡಿ. ಮೇಷ್ಟ್ರಿಗೆ ನಿಮ್ಮ ಜೊತೆ ನಡೆದ ಆ ಮಾತುಕತೆ ನೆನಪಿಗೆ ಬಂದರೆ ಸಾಕು, ಉಳಿದದ್ದನ್ನು ಅವರೇ ಬರೆಯುತ್ತಾರೆ.